ಬೆನ್ನ ಹಿಂದಿನ ಕುರ್ಚಿ

ಸಾವನದುರ್ಗದ ತಪ್ಪಲಲ್ಲಿ ಟಪಾಲು ಚೀಲ ಹೊತ್ತು ಓಡುತ್ತಿದ್ದ ಕೆಂಪಣ್ಣನ ಮೊಮ್ಮಗ ಈ ಕೃಷ್ಣರಾಜರು. ಕೆಂಪಣ್ಣ ಗೆಜ್ಜೆ ಕಟ್ಟಿದ ಭರ್ಜಿ ಹಿಡಿದು ಕಾಡು ಹಾಯುವಾಗ ಬೆನ್ನ ಹಿಂದೆ ಇನ್ನೊಬ್ಬರ ಹೆಜ್ಜೆ ಕೇಳುತ್ತಿತ್ತಂತೆ. ಒಂದು ದಿನವೂ ಆತ ತಿರುಗಿ ನೋಡಲಿಲ್ಲ. ಅವನ ಮಗ ಉಮಾಕಾಂತನೋ, ಏಣಿ ಹಿಡಿಯಲು ಬಂದವರನ್ನು ಗದರಿ ಅಟ್ಟಿ, ಸುರಿವ ಮಳೆಯಲ್ಲಿ ಒಬ್ಬನೇ ತಂತಿ ಕಂಬ ಹತ್ತಿದ ಗಟ್ಟಿಗ. ಅದೇ ಬಳ್ಳಿಯ ಕಾಯಿ ಕೃಷ್ಣರಾಜರು. ವಿಮಾ ಕಚೇರಿಯ ಕೆಲಸದಲ್ಲಿ ವರ್ಗವಾಗಿ ವಡೋದರೆಗೆ ಬಂದವರು ಮಂಜಲ್‌ಪುರದಲ್ಲೇ ಬೇರು ಬಿಟ್ಟರು. ನಿವೃತ್ತರಾದ ಮೇಲೆ, ಈಚೆಗೆ, ತಮ್ಮ ಬೀದಿಗೇ ದಾರಿ ತಪ್ಪತೊಡಗಿದ್ದರು.

ನರರೋಗದ ವೈದ್ಯರು ಅವರನ್ನು ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ಹಯವದನರ ಬಳಿಗೆ ಪರೀಕ್ಷೆಗೆ ಕಳಿಸಿದರು. ಮರೆವು ಯಾವ ಬಗೆಯದೆಂದು ತಿಳಿಯದೆ ಗುಳಿಗೆ ಬರೆಯುವಂತಿರಲಿಲ್ಲ. ಮರೆವಿನ ಜೊತೆಗೆ ಇಲ್ಲದವರು ಇದ್ದಂತೆ ಅನಿಸುವ ಕಾಯಿಲೆಯೊಂದಿದೆ. ಅಂಥವರಿಗೆ ಭ್ರಮೆ ಬಿಡಿಸುವ ಮಾಮೂಲಿ ಗುಳಿಗೆ ಕೊಟ್ಟರೆ ನಡೆದಾಡುವ ಆಳು ಮರದ ಕೊರಡಾಗಬಹುದು.

ಹಯವದನರ ಕೈಕೆಳಗೆ ಕಲಿಯುತ್ತಿದ್ದ ಮಂದಾಕಿನಿ ಅದೇ ವಾರ ಅವರಿಗೊಂದು ಕಾಗದ ಬರೆದಿದ್ದಳು. “ಮುಂದಿನ ತಿಂಗಳು ನಾನೇ ಪರೀಕ್ಷೆ ಮಾಡಬೇಕಿದೆ. ಅದಕ್ಕೆ ಮುಂಚೆ ತಾವು ಮಾಡುವುದನ್ನು ಕಣ್ಣಾರೆ ನೋಡಲು ಅಪ್ಪಣೆ ಕೊಡಿ. ತೊಂದರೆಯಾಗದಂತೆ ರೋಗಿಯ ಹಿಂದೆ, ಅವರ ಕಣ್ಣಿಗೆ ಬೀಳದ ಹಾಗೆ ಕೂರುತ್ತೇನೆ.”

ಹಯವದನರು ಒಪ್ಪಿದರು. “ರೋಗಿ ಹೂಂ ಅನ್ನಬೇಕು. ನೀನು ಮಾತಾಡಬಾರದು, ತಲೆ ಆಡಿಸಬಾರದು, ಪ್ರಶ್ನೆಗಳನ್ನ ಬರಕೋಬಾರದು. ಇನ್ನೊಬ್ಬರು ನೋಡ್ತಿದ್ರೆ ಜನ ತಪ್ಪೋದು ಹೆಚ್ಚು. ನೀನಿದ್ದೆ ಅಂತ ವರದಿಯಲ್ಲಿ ಬರೀತೀನಿ.”

ಅಪ್ಪಣೆ ಕೇಳಿದಾಗ ಕೃಷ್ಣರಾಜರು ನಕ್ಕರು. “ಕೂತ್ಕೊಳ್ಳಲಿ ಬಿಡಿ ಡಾಕ್ಟ್ರೇ. ಹಿಂದೆ ಒಬ್ಬರು ಇದ್ದೇ ಇರ್ತಾರೆ. ಅವರಿಗೂ ಜೊತೆಯಾಯ್ತು.”

ಮುದುಕನ ಚೇಷ್ಟೆ ಅಂದುಕೊಂಡು ಮಂದಾಕಿನಿಯೂ ನಕ್ಕಳು.

ಹಯವದನರು ಒಂದಷ್ಟು ಪದಗಳನ್ನು ಓದಿ ಹೇಳಿಸಿದರು. ಮತ್ತೆ ಓದಿದರು, ಮತ್ತೆ ಹೇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಮುನ್ಸೂಚನೆ ಕೊಡದೆ ಅವನ್ನೇ ಇನ್ನೊಮ್ಮೆ ಕೇಳುವುದಿತ್ತು. ನಡುವಿನ ಹೊತ್ತಿಗೆ ಒಂದು ಚಿತ್ರ ಕೊಟ್ಟು, “ಇದನ್ನ ನೋಡಿ ಬರೀರಿ” ಎಂದರು.

ಕೃಷ್ಣರಾಜರು ಗೆರೆ ಎಳೆದರು. ಕುರ್ಚಿಯನ್ನು ಮುಂದಕ್ಕೆ ಜರುಗಿಸಿದರು. ಇನ್ನೊಂದು ಗೆರೆ. ಮತ್ತೆ ಮುಂದಕ್ಕೆ. ಎದೆ ಮೇಜಿಗೆ ತಾಗಿತು. ಮಂದಾಕಿನಿ ಉಸಿರು ಬಿಗಿಹಿಡಿದಳು.

“ಇಬ್ಬರೂ ಕತ್ತಿಗೇ ಉಸಿರು ಬಿಟ್ರೆ ನಾನು ಬರೆಯೋದು ಹೆಂಗೆ?”

ಹಯವದನರು ಕಣ್ಣು ಮಿಟುಕಿಸಲಿಲ್ಲ. “ಯಾರ್ಯಾರು, ಸ್ವಾಮಿ?”

“ಈ ಮಗು ಒಬ್ಬಳು. ಇನ್ನೊಬ್ಬರನ್ನ ನಾನೂ ನೋಡಿಲ್ಲ. ಕಾಣಲ್ಲ, ಇದ್ದಾರೆ ಅಷ್ಟೆ. ದೀಪಾವಳಿಯಿಂದ ಮನೇಲೂ ಇದ್ದಾರೆ. ಗಿರಿಜಾಗೆ ಹೇಳ್ಬೇಡಿ. ಗಂಡನಿಗೆ ಹುಚ್ಚು ಹಿಡೀತು ಅಂತ ಅನ್ನ ನೀರು ಬಿಟ್ಟಾಳು.”

ಮಂದಾಕಿನಿಗೆ ತನ್ನ ಕಾಗದದ ಸಾಲು ನೆನಪಾಯಿತು: ಕಣ್ಣಿಗೆ ಬೀಳದ ಹಾಗೆ. ಮುದುಕ ಹೇಳುತ್ತಿರುವುದು ಕಾಯಿಲೆಯ ಮಾತೋ, ತಾನು ಹಿಂದೆ ಕೂತು ಹುಟ್ಟಿಸಿದ ದಿಗಿಲೋ? ಹಾಲಿಗೆ ತಾನೇ ಹುಳಿ ಹಿಂಡಿದಳೇ? ವೈದ್ಯರ ಗುಳಿಗೆ ಈ ಒಂದು ಮಾತಿನ ಮೇಲೆ ನಿಂತಿತ್ತು.

ಹಯವದನರು ಕಣ್ಸನ್ನೆ ಮಾಡಿದರು. ಅವಳು ಎದ್ದು ಬಂದು ಮೇಜಿನ ಪಕ್ಕಕ್ಕೆ, ಮುದುಕನಿಗೆ ಚೆನ್ನಾಗಿ ಕಾಣುವಂತೆ ಕುಳಿತಳು. ಹಿಂದಿನ ಕುರ್ಚಿ ಬರಿದಾಯಿತು.

“ಈಗ ಹೇಗನ್ನಿಸ್ತಿದೆ?”

“ಮಗು ಇಲ್ಲಿ ಬಂತು. ಪಾಪ, ಅವರಿಗೆ ಕುರ್ಚಿ ಸಿಕ್ತು.”

ಫ್ಯಾನು ತಿರುಗುತ್ತಿತ್ತು. ಆ ಕುರ್ಚಿಯ ಕಡೆ ನೋಡಬಾರದೆಂದು ಮಂದಾಕಿನಿ ಅಂದುಕೊಂಡಳು, ನೋಡಿದಳು. ಏನೂ ಇರಲಿಲ್ಲ. ಏನೂ ಇಲ್ಲದ್ದು ಇಷ್ಟು ಭಾರವಾಗಿ ಕುಳಿತಿರುವುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಹಯವದನರು ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು. ಚಿತ್ರ ಮುಗಿಯಿತು, ಇನ್ನೂ ಒಂದೆರಡು ಕೆಲಸ ಮುಗಿದವು. ಆಮೇಲೆ ಕೇಳಿದರು: “ಮೊದಲು ನಾನು ಓದಿದ ಪದಗಳಲ್ಲಿ ಎಷ್ಟು ನೆನಪಿದೆಯೋ ಅಷ್ಟನ್ನೂ ಹೇಳಿ.”

ಕೃಷ್ಣರಾಜರು ನಾಲ್ಕು ಪದ ಹೇಳಿದರು. ಐದನೆಯದು ನಾಲಗೆಯ ತುದಿಗೆ ಬಂದು ಜಾರಿತು. ಕಿಟಕಿಯ ಕಡೆ ನೋಡಿದರು, ಮೇಜು ನೋಡಿದರು. ಸುಳಿವು ಕೊಡುವ ಹಾಗಿಲ್ಲದ ಹಯವದನರು ಕಲ್ಲಿನಂತೆ ಕಾದರು. ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ಕೃಷ್ಣರಾಜರು ಹೇಳಿದ ನಾಲ್ಕನ್ನೇ ಮತ್ತೆ ಬೆರಳಲ್ಲಿ ಎಣಿಸಿದರು. ಪದಗಳನ್ನೆಲ್ಲ ಕೇಳಿಸಿಕೊಂಡಿದ್ದ ಮಂದಾಕಿನಿ ತುಟಿ ಕಚ್ಚಿಕೊಂಡಳು.

ಆಗ ಅವರ ತಲೆ, ಹಿಂದೆ ಯಾರೋ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದಂತೆ, ಒಂದು ಪಕ್ಕಕ್ಕೆ ವಾಲಿತು. ಕೇಳಿಸಿಕೊಂಡರು. ಮುಖ ಸಡಿಲಾಯಿತು. ಆಮೇಲೆ ಕೆಂಪಣ್ಣನ ಮೊಮ್ಮಗ ಬೆನ್ನು ನೆಟ್ಟಗೆ ಮಾಡಿ, ಹಿಂದಕ್ಕೆ ತಿರುಗಿ ನೋಡದೆಯೇ ಹೇಳಿದರು:

“ಬ್ಯಾಡ ಕಣ್ರೀ, ಹೇಳಿಕೊಡಬ್ಯಾಡಿ. ನನಗೆ ಉಳಿದಿರೋದೇ ಇಷ್ಟು ಅಂದ್ರೆ ಇಷ್ಟೇ ಅಂತ ಬರಕೊಳ್ಳಲಿ.”