ಅಮಾವಾಸ್ಯೆಯ ಒಣ ಪಂಚೆ

ಗೋದಾಮಿನ ಮಾಲೀಕರಿಗೆ ಬರೆದ ಆ ಪತ್ರವನ್ನು ನಾನೇ ಸಿಂಧನೂರಿನ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದಿದ್ದೆ. ಮಸ್ಕಿ ಕಡೆ, ಹಳ್ಳದಾಚೆ, ಭತ್ತ ಇಡಲು ನಾನು ಬಾಡಿಗೆಗೆ ಹಿಡಿದಿದ್ದ ಗೋದಾಮಿಗೆ ಮೂರು ವಾರ ಲಾರಿ ಹೋಗಲಿಲ್ಲ. ಹಳ್ಳ ತುಂಬಿ ದಾರಿಯೇ ಮುಳುಗಿತ್ತು. ನೆರೆಯಂಥ ದೈವಾಧೀನ ಕಾರಣದಿಂದ ಗೋದಾಮು ಬಳಸಲಾಗದಿದ್ದರೆ ಆ ದಿನಗಳ ಬಾಡಿಗೆ ಇಲ್ಲ, ಹದಿನೈದು ದಿನದೊಳಗೆ ಬರೆದು ತಿಳಿಸಬೇಕು ಎಂದು ಕರಾರಿನಲ್ಲೇ ಇತ್ತು. ಹತ್ತನೇ ದಿನವೇ ತಿಳಿಸಿದ್ದೆ, ಆ ದಿನಗಳ ಬಾಡಿಗೆ ಕಟ್ಟಲಿಲ್ಲ. ಕೆಲಸ ಮುಗಿಯಿತು ಎಂದು ಹಾಯಾಗಿದ್ದೆ, ಮೂರ್ಖ!

ಮಾಲೀಕರ ಉತ್ತರ ಬಂತು. ನೆರೆಯ ಸುಳ್ಳು ನೆಪ ಹೇಳಿ ಬಾಡಿಗೆ ತಪ್ಪಿಸಿದ್ದಕ್ಕೆ ಕರಾರು ರದ್ದು, ಜಾಗ ಖಾಲಿ ಮಾಡಿ. ವಳಕಮದಿನ್ನಿಯ ರೈತರ ಭತ್ತ ಬರಲು ಇನ್ನೊಂದೇ ತಿಂಗಳಿತ್ತು. ಆ ಗೋದಾಮು ಹೋದರೆ ನನ್ನ ವ್ಯಾಪಾರವೇ ಹೋದಂತೆ.

ನನ್ನ ವಕೀಲರು ಆ ಉತ್ತರಕ್ಕೆ ಲಗತ್ತಿಸಿದ್ದ ಫೋಟೋ ತೋರಿಸಿದರು. "ಇದು ನೀವ ಹೌದಿಲ್ರೀ?"

ನಾನೇ. ಗೋದಾಮಿನೊಳಗೆ, ತೂಕದ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಒಣ ಪಂಚೆ ಉಟ್ಟು ನಗುತ್ತಾ ನಿಂತಿದ್ದೆ. ಆ ಮೂರು ವಾರದ ನಡುವೆ ಬಂದ ಅಮಾವಾಸ್ಯೆ. ನಮ್ಮ ವ್ಯಾಪಾರಸ್ಥರಲ್ಲಿ ಅಮಾವಾಸ್ಯೆ ಪೂಜೆ ತಪ್ಪಿಸುವುದಿಲ್ಲ. ಆ ಫೋಟೋವನ್ನು ನಾನೇ ಫೋನಿನ ಸ್ಟೇಟಸ್‌ಗೆ ಹಾಕಿದ್ದೆ.

"ದಂಡಿ ಮ್ಯಾಲ ನಮ್ಮ ಹಮಾಲ ಹಗ್ಗ ಹಿಡಿದು ನಿಂತಿದ್ದ, ಎದಿಮಟ ನೀರಾಗ ಅದನ್ನ ಹಿಡ್ಕೊಂಡು ಹೋಗೀನ್ರೀ! ಮಡಿ ಪಂಚೆ ಪ್ಲಾಸ್ಟಿಕ್ ಚೀಲದಾಗ ಹಾಕಿ, ತಲಿ ಮ್ಯಾಲ ಹೊತ್ಕೊಂಡು ಹೋಗೀನಿ!"

"ಲಾರಿ ಹೋಗಲಿಲ್ಲಂತ ನಾವು ವಾದ ಮಾಡಬಹುದು. ಆದ್ರ ಫೋಟೋದಾಗ ನೀರೆಲ್ಲೈತ್ರೀ? ತಹಶೀಲಿಯವರ ಪಂಚನಾಮೆದಾಗ ಬೆಳಿ ಹಾಳಾದದ್ದಷ್ಟ ಐತಿ, ನಿಮ್ಮ ದಾರಿ ಇಲ್ಲ. ಹಗ್ಗ ಹಿಡಿದ ಹಮಾಲ ನಿಮ್ಮ ಕೂಲಿಯಾಂವ. ಅವನ ಮಾತು ಎಷ್ಟು ನಡೀತದೋ! ಇನ್ನ ಯಾರಿಗರ ಗೊತ್ತೈತೇನು?"

ಒಬ್ಬರಿಗೆ ಗೊತ್ತಿತ್ತು. ಅವತ್ತೇ ಲಿಂಗಸುಗೂರಿಗೆ, ಮಾಲೀಕರ ಮನೆಗೆ ಹೋದೆ. ಎಪ್ಪತ್ತು ದಾಟಿದ ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಒಳಗೆ ಕೂರುವಷ್ಟು ತಾಳ್ಮೆ ನನಗಿರಲಿಲ್ಲ.

"ಕಾಕಾ, ಅವತ್ತು ಮುಂಜಾನಿ ಫೋನ್ ಮಾಡಿದವರು ಯಾರ್ರೀ? ನೀರು ಎದಿಮಟ ಐತಿ, ಈ ಅಮಾಸಿ ಬಿಡ್ತೀನಿ ಅಂದೆ. ಕಟ್ಟಡ ಕತ್ತಲಿರಬಾರದು, ಹೆಂಗರ ಹೋಗಿ ಒಂದು ದೀಪ ಹಚ್ಚಿ ಬಾ ಅಂದವರು ನೀವ ಅಲ್ರೀ?"

ಅವರು ನೆಲ ನೋಡಿದರು. "ಅಂದೀನಪ್ಪಾ. ಇಲ್ಲ ಅನ್ನಂಗಿಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. "ಹಂಗಂತ ಒಂದು ಸಾಲು ಬರೆದು ಕೊಡ್ರೀ ಕಾಕಾ. ಕಾಲು ಹಿಡಿತೀನಿ."

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಗೋದಾಮು ಸಿಮೆಂಟ್ ಕಂಪನಿಯವರಿಗೆ ಮಾತು ಕೊಟ್ಟಾಗೈತಿ."

ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ. ಎದುರಿಗೇ ಅವರ ದೇವರ ಮನೆ. ನೀರು ಇಳಿದ ಮೇಲೆ ನಾನು ತಂದುಕೊಟ್ಟಿದ್ದ ಆ ಅಮಾವಾಸ್ಯೆಯ ಅರ್ಧ ಕಾಯಿ ಒಣಗಿ ಕೊಬ್ಬರಿಯಾಗಿ ಇನ್ನೂ ಅಲ್ಲೇ ಇತ್ತು, ಅದಕ್ಕೆ ಅವರು ದಿನಾ ಹೂ ಇಡುತ್ತಿದ್ದರು.