ಅರವತ್ತಕ್ಕೆ ಹೆದರಿದ ಅಕ್ಕ

ನಮ್ಮ ಬಸ್ ಡಿಪೋದಲ್ಲಿ ಪಗಾರದ ಬಿಲ್ಲು ಬರೆಯುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ಅವರಿಗಿಂತ ಹಿರಿಯರಾದ ಡ್ರೈವರುಗಳೂ. ನಾನು ಅದೇ ಕೋಣೆಯಲ್ಲಿ ಟಯರಿನ ಲೆಕ್ಕ ಬರೆಯುವವನು. ಟಯರು ಸವೆದರೆ ಯಾರೂ ನನ್ನನ್ನು ಬೈಯುವುದಿಲ್ಲ, ರಸ್ತೆಯನ್ನು ಬೈಯುತ್ತಾರೆ. ಹಾಗಾಗಿ ನನ್ನ ನಿದ್ದೆ ಚೆನ್ನಾಗಿದೆ. ಅಕ್ಕನದು ಹಾಗಲ್ಲ. ಮುನ್ನೂರು ಮನೆಗಳ ಅನ್ನ ಅವರ ಪೆನ್ನಿನ ತುದಿಯಲ್ಲಿದೆ ಎಂದು ಅವರ ನಂಬಿಕೆ. ಅದು ನಿಜವೂ ಹೌದು.

ಅಕ್ಕನಿಗೆ ಹೆದರಿಕೆ ಹುಟ್ಟುಗುಣವೇನಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಗಾರ ವಿಭಾಗದ ಮೇಲ್ವಿಚಾರಕರು ತಮ್ಮದೇ ಪ್ರಯಾಣ ಭತ್ಯೆಯನ್ನು ಸ್ವಲ್ಪ ಉಬ್ಬಿಸಿಕೊಂಡು ಸಿಕ್ಕಿಬಿದ್ದರು. ಊಟದ ಡಬ್ಬಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಗೇಟು ದಾಟಿ ಹೋದ ಅವರ ಬೆನ್ನನ್ನು ಅಕ್ಕ ಕಿಟಕಿಯಿಂದ ನೋಡಿದ್ದರು. ಅಂದಿನಿಂದ ಅಕ್ಕ ಆಫೀಸಿನ ಗುಂಡುಸೂಜಿಯನ್ನು ಸೀರೆಗೆ ಚುಚ್ಚಿಕೊಂಡವರಲ್ಲ.

ಅಂಥವರಿಗೇ ಮೇಲ್ವಿಚಾರಕಿಯಾಗಿ ಪ್ರಮೋಷನ್ ಬಂತು. ಅದೂ ಜುಲೈ ಒಂದರಿಂದ. ಅವರ ವರ್ಷದ ಇನ್‌ಕ್ರಿಮೆಂಟಿನ ತಾರೀಖೂ ಜುಲೈ ಒಂದೇ.

ಇದರಲ್ಲೇನು ಹೆದರಿಕೆ ಎಂದು ನಾನೂ ಕೇಳಿದೆ. ಅಕ್ಕ ಟಯರಿನವನಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಅವರ ಮೂಲವೇತನ ಇಪ್ಪತ್ತು ಸಾವಿರ. ಇನ್‌ಕ್ರಿಮೆಂಟ್ ಎಂದರೆ ಇಡಿಯಾಗಿ ಆರುನೂರು. ಪ್ರಮೋಷನ್ ಎಂದರೆ ಆಗ ಕೈಯಲ್ಲಿರುವ ಮೂಲವೇತನಕ್ಕೆ ನೂರಕ್ಕೆ ಹತ್ತು. ಮೊದಲು ಇನ್‌ಕ್ರಿಮೆಂಟ್ ಕೊಟ್ಟರೆ ಇಪ್ಪತ್ತು ಸಾವಿರದ ಆರುನೂರು. ಅದರ ಮೇಲೆ ಹತ್ತನೇ ಒಂದು ಭಾಗ ಸೇರಿ ಇಪ್ಪತ್ತೆರಡು ಸಾವಿರದ ಆರುನೂರ ಅರವತ್ತು. ಮೊದಲು ಪ್ರಮೋಷನ್ ಕೊಟ್ಟರೆ ಇಪ್ಪತ್ತೆರಡು ಸಾವಿರ. ಅದಕ್ಕೆ ಆರುನೂರು ಸೇರಿ ಇಪ್ಪತ್ತೆರಡು ಸಾವಿರದ ಆರುನೂರು. ಅರವತ್ತು ಕಮ್ಮಿ.

"ನಿಯಮ ಏನನ್ನುತ್ತೆ?"

"ಒಂದೇ ತಾರೀಖಿಗೆ ಎರಡೂ ಬಿದ್ರೆ ಮೊದಲು ಇನ್‌ಕ್ರಿಮೆಂಟ್, ಆಮೇಲೆ ಪ್ರಮೋಷನ್. ಎಲ್ಲರಿಗೂ ನಾನು ಹಾಗೇ ಹಾಕಿದೀನಿ."

"ಹಾಗಾದ್ರೆ ನಿಮಗೂ ಹಾಗೇ ಹಾಕ್ಕೊಳ್ಳಿ. ಮುಗೀತು."

"ಹಾಕ್ಕೊಳ್ಳಿ ಅಂದ್ರಲ್ಲ, ಅದೇ ನನಗೆ ಭಯ," ಎಂದರು ಅಕ್ಕ. "ಬಿಲ್ ಬರೆಯೋಳೂ ನಾನೇ, ಈಗ ತಾಳೆ ನೋಡೋಳೂ ನಾನೇ. ನನ್ನ ಹಳೇ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ಬಂದ ತಿಂಗಳೇ ತನ್ನ ತಟ್ಟೆಗೆ ಜಾಸ್ತಿ ಬಡಿಸ್ಕೊಂಡ್ಲು ಅಂದ್ರೆ?"

ಮನೆಯಲ್ಲೂ ಇದೇ ಮಾತಾಯಿತಂತೆ. ಅವರ ಯಜಮಾನರು ಟೈಲರು. "ಬಟ್ಟೆ ಮೊದಲು ನೆನೆಸ್ಬೇಕು, ಆಮೇಲೆ ಕತ್ತರಿಸ್ಬೇಕು. ಕತ್ತರಿಸಿ ಆಮೇಲೆ ನೆನೆಸಿದ್ರೆ ಅಪ್ಪನ ಅಂಗಿ ಮಗನಿಗಾಗುತ್ತೆ. ನಿಯಮ ಇದ್ದಂಗೆ ಮಾಡೇ," ಎಂದರಂತೆ. ಅಕ್ಕ ರಾತ್ರಿಯಿಡೀ ಮಗ್ಗುಲು ಬದಲಿಸಿ, ಬೆಳಿಗ್ಗೆ ಬಂದವರೇ ಮೊದಲು ಕತ್ತರಿಸಿ ಆಮೇಲೆ ನೆನೆಸಿದರು. ತಮ್ಮ ಹೆಸರಿನ ಮುಂದೆ ಇಪ್ಪತ್ತೆರಡು ಸಾವಿರದ ಆರುನೂರು ಎಂದು ಬರೆದರು. ಮ್ಯಾನೇಜರು ಸಹಿ ಹಾಕಿದರು. ಕಡಿಮೆ ಅಂಕಿಗೆ ಮ್ಯಾನೇಜರು ಕನ್ನಡಕ ಹಾಕಿಕೊಳ್ಳುವುದಿಲ್ಲ.

ಆ ವಾರ ಅಕ್ಕನ ಮುಖ ಸ್ವಲ್ಪ ತಿಳಿಯಾಯಿತು. ಅರವತ್ತು ಕೊಟ್ಟು ನೆಮ್ಮದಿ ಕೊಂಡರಲ್ಲ, ಅಗ್ಗವಾಯಿತು ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಆಡಿಟರು ಬಂದರು. ತೆಳ್ಳನೆಯ ಮನುಷ್ಯ, ಮೆತ್ತನೆಯ ದನಿ. ಗದರುವ ಆಡಿಟರನ್ನು ನಂಬಬಹುದು. ಇವರು "ಸ್ವಲ್ಪ ಬನ್ನಿಯಮ್ಮ" ಎಂದು ಕರೆದಾಗ ನಾನು ಟಯರಿನ ಪುಸ್ತಕ ತೆಗೆದು ಮುಂದಿಟ್ಟುಕೊಂಡೆ. ಕರೆದದ್ದು ನನ್ನನ್ನಲ್ಲ.

"ಇದು ನಿಮ್ಮದೇ ಅಲ್ವಾ? ಮೊದಲು ಪ್ರಮೋಷನ್, ಆಮೇಲೆ ಇನ್‌ಕ್ರಿಮೆಂಟ್."

"ಹೌದು ಸಾರ್."

"ಮಿಕ್ಕವರಿಗೆಲ್ಲ ತಿರುಗಾಮುರುಗಾ ಇದೆ. ಅಂದ್ರೆ ಕ್ರಮ ಬದಲಾಗಿ ಹೊಸ ಆದೇಶ ಏನೋ ಬಂದಿದೆ. ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ, ನಿಮಗೆ ಸಿಕ್ಕಿದೆ. ಗೊತ್ತಿದ್ದೂ ಗೊತ್ತಿದ್ದೂ ತನ್ನ ಸಂಬಳ ಕಮ್ಮಿ ಮಾಡ್ಕೊಳ್ಳೋರು ಪ್ರಪಂಚದಲ್ಲಿ ಯಾರೂ ಇಲ್ಲ ನೋಡಿ."

ಅಕ್ಕ ಬಾಯಿ ತೆರೆದರು. ಅಷ್ಟರಲ್ಲಿ ಆಡಿಟರು ಪುಟ ತಿರುಗಿಸಿದರು.

"ಆದೇಶ ಹುಡುಕಿ ಕೊಡಿ. ಅದು ಯಾವಾಗಿಂದ ಜಾರಿನೋ ನೋಡ್ತೀನಿ. ಅಲ್ಲೀವರೆಗೂ ಜುಲೈನಲ್ಲಿ ಪ್ರಮೋಷನ್ ಆದೋರಿಗೆಲ್ಲ ಹೆಚ್ಚು ಪಾವತಿ ಅಂತ ಬರೆದಿಡ್ತೀನಿ. ವಸೂಲಿ ಆಮೇಲೆ ನೋಡೋಣ."

ವಸೂಲಿ ಎಂಬ ಶಬ್ದಕ್ಕೆ ಡಿಪೋದಲ್ಲಿ ಬಸ್ಸಿಗಿಂತ ವೇಗ ಹೆಚ್ಚು. ಮಧ್ಯಾಹ್ನದ ಊಟದ ಹೊತ್ತಿಗೆ, ಹಿಂದೆ ಕಂಡಕ್ಟರಾಗಿದ್ದು ಮೂರು ವರ್ಷದ ಹಿಂದೆ ಜುಲೈನಲ್ಲೇ ಚೆಕಿಂಗ್ ಇನ್‌ಸ್ಪೆಕ್ಟರ್ ಆದವರು ಬಾಗಿಲಲ್ಲಿ ನಿಂತಿದ್ದರು. ಟಿಕೆಟ್ ಇಲ್ಲದವರನ್ನು ನಡುಗಿಸುವ ಮನುಷ್ಯ. ಈಗ ತಾವೇ ಟಿಕೆಟ್ ಇಲ್ಲದವರಂತೆ ಕಂಡರು.

"ಅಕ್ಕಾ, ಮೂರು ವರ್ಷದ್ದು ಒಟ್ಟಿಗೆ ಹಿಡೀತಾರಂತೆ?"

"ಯಾರು ಹೇಳಿದ್ರು?"

"ಎಲ್ಲಾರೂ ಹೇಳ್ತಿದಾರೆ. ನೀವು ನಮ್ಮದು ತಪ್ಪು ಹಾಕಿದ್ರಂತೆ. ನಿಮ್ಮದು ಮಾತ್ರ ಸರಿ ಹಾಕ್ಕೊಂಡ್ರಂತೆ."

ಅವರು ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಇನ್‌ಸ್ಪೆಕ್ಟರು ಹೋದ ಮೇಲೆ ಅಕ್ಕನ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು.

"ಈಗ ನಿಜ ಹೇಳಿದ್ರೆ ಏನಾಗುತ್ತೆ?" ಎಂದು ನನ್ನನ್ನು ಕೇಳಿದರು.

"ನಿಮ್ಮ ಸರ್ವಿಸ್ ಪುಸ್ತಕದಲ್ಲಿ ತಪ್ಪು ಅಂತ ಬರೀತಾರೆ."

"ಹೇಳದಿದ್ರೆ?"

ಉತ್ತರಕ್ಕೆ ಕಾಯದೆ ಅಕ್ಕ ಎದ್ದರು. ಜೊತೆಗೆ ಬನ್ನಿ ಎಂದರು. ಧೈರ್ಯ ಕೊಡಲು ನನ್ನನ್ನು ಕರೆಯುವುದೆಂದರೆ ಮುಳುಗುವವನು ಕಲ್ಲನ್ನು ಹಿಡಿದಂತೆ, ಆದರೂ ಹೋದೆ.

"ಸಾರ್, ಹೊಸ ಆದೇಶ ಯಾವುದೂ ಇಲ್ಲ," ಎಂದರು ಅಕ್ಕ. "ಅವರೆಲ್ಲರದೂ ಸರಿ. ತಪ್ಪಿರೋದು ನನ್ನದೊಂದೇ. ಬೇಕೂಂತಲೇ ಹಾಗೆ ಹಾಕ್ಕೊಂಡೆ."

"ಯಾಕಮ್ಮ?"

"ಹೆದರಿಕೆಯಿಂದ."

ಆಡಿಟರು ಅಕ್ಕನ ಬಿಲ್ಲನ್ನು ಮತ್ತೊಮ್ಮೆ ಎದುರಿಗೆ ಎಳೆದುಕೊಂಡರು. ಕದ್ದವರನ್ನು ಅವರು ಕಂಡಿದ್ದರು. ತಮ್ಮ ಜೇಬಿನಿಂದಲೇ ಕದ್ದು ಆಫೀಸಿಗೆ ಹಾಕಿದವರಿಗೆ ಯಾವ ಕಲಮು ಹಚ್ಚಬೇಕೆಂದು ಹೊಳೆಯಲಿಲ್ಲವೆಂದು ಕಾಣುತ್ತದೆ.

"ಹೆದರಿಕೆ ಅಂತ ಬರೆಯೋಕೆ ನಮ್ಮಲ್ಲಿ ಜಾಗ ಇಲ್ಲಮ್ಮ. ಸ್ವಂತ ವೇತನ ನಿಗದಿಯಲ್ಲಿ ಕ್ರಮ ತಪ್ಪು ಅಂತ ಬರೀತೀನಿ. ನಿಮ್ಮ ಬಿಲ್ಲನ್ನ ಇನ್ನು ಬೇರೆಯವರು ತಾಳೆ ನೋಡ್ಬೇಕು ಅಂತಲೂ ಬರೀತೀನಿ. ಅದು ಮೊದಲೇ ಆಗ್ಬೇಕಿತ್ತು."

"ಮತ್ತೆ ಅವರದು?"

"ನಿಯಮದ ಪ್ರಕಾರವೇ ಇದೆಯಲ್ಲ. ಹೊಡೆದುಹಾಕ್ತೀನಿ." ಎದುರಿಗೇ ಗೆರೆ ಎಳೆದರು. "ನಿಮ್ಮದು ಜುಲೈಯಿಂದ ಸರಿಮಾಡಿ, ಬಾಕಿ ತಗೊಳ್ಳಿ."

"ಬಾಕಿ ಬೇಡ ಸಾರ್."

"ಬೇಡ ಅಂದ್ರೆ ಅದನ್ನೂ ತಪ್ಪು ಅಂತ ಬರೀಬೇಕಾಗುತ್ತೆ."

ಅಕ್ಕ ಆ ಸಂಜೆ ಇನ್‌ಸ್ಪೆಕ್ಟರನ್ನು ಹುಡುಕಿಕೊಂಡು ಹೋಗಿ ತಾವೇ ವಿಷಯ ಹೇಳಿದರು. ಆತ ಕೈ ಮುಗಿದದ್ದು ನನಗೆ ದೂರದಿಂದ ಕಂಡಿತು. ಅಕ್ಕನ ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲು ಬಿತ್ತು. ಅದನ್ನು ಅವರು ಒಂದೇ ಸಲ ಓದಿ ಮುಚ್ಚಿದರು.

ತಿಂಗಳ ಕೊನೆಗೆ ಬಾಕಿ ಬಂದ ದಿನ ಅಕ್ಕ ಮೂಲೆಗೆ ತಿರುಗಿ ಯಜಮಾನರಿಗೆ ಫೋನ್ ಮಾಡಿದರು. ಅತ್ತಲಿನ ಹೊಲಿಗೆ ಯಂತ್ರದ ಸದ್ದಿನ ನಡುವೆ ಅವರ ಮಾತು ನನ್ನ ಮೇಜಿನವರೆಗೂ ಕೇಳುತ್ತಿತ್ತು.

"ಅರವತ್ತು ಸೇರಿ ಬಂತು ರೀ. ಹಿಂದಿನದೂ ಬಂತು."

"ಅದಕ್ಯಾಕೆ ಪಿಸುಗುಡ್ತಿದೀಯ? ಎಲ್ಲಿಂದಾದ್ರೂ ಕದ್ದಿದ್ದಾ?"

ಅಕ್ಕ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆದರೂ ಯಾರಾದರೂ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂಬಷ್ಟು ಗಟ್ಟಿಯಾಗಿ ಹೇಳಿದರು:

"ಅಲ್ಲ. ನನ್ನದೇ."