ಕುಡಿಯದೆ ಬಿಟ್ಟ ಟೀ

ಆರ್.ಟಿ. ನಗರದ ಕಡೆ ಹೋದಾಗೆಲ್ಲ ಒಂದು ಏಲಕ್ಕಿ ಟೀಗಾಗಿ ಈಗಲೂ ಜೀವ ಹಾತೊರೆಯುತ್ತದೆ.

ಎಂಬತ್ತರ ದಶಕ. ಯಶವಂತಪುರದ ನಮ್ಮ ಕಾರ್ಖಾನೆಯ ಹೊಸ ಯಂತ್ರಕ್ಕೆ ಗಿಯರುಗಳು ಬೇಕಿದ್ದವು. ನಾವೇ ಮಾಡಿದರೆ ಅಗ್ಗ, ನಿಜ. ಆದರೆ ನಮ್ಮ ಮಷಿನುಗಳಿಗೆ ಬೇರೆ ಕೆಲಸವೇ ಹಾಸಿ ಹೊದೆಯುವಷ್ಟಿತ್ತು. ಕಾದರೆ ಇಡೀ ಯಂತ್ರ ತಡವಾಗುತ್ತಿತ್ತು. ಹೊರಗೆ ಮಾಡಿಸೋಣ ಎಂದಾಯಿತು. ಗುಣಮಟ್ಟ, ಹೇಳಿದ ಹೊತ್ತಿಗೆ ಕೊಡುವ ತಾಕತ್ತು, ಬೆಲೆ, ಯಾವುದಕ್ಕೆ ಎಷ್ಟು ಮಾರ್ಕ್ಸ್ ಅಂತ ಮೊದಲೇ ಗೊತ್ತುಮಾಡಿಕೊಂಡು, ನಾನೂ ನನ್ನ ಮೇಲಧಿಕಾರಿಯೂ ವರ್ಕ್‌ಶಾಪುಗಳನ್ನು ನೋಡಲು ಹೊರಟೆವು. ಅವರದೊಂದು ಹಾಳು ನಿಯಮ: ಮಾರ್ಕ್ಸ್ ಹಾಕುವ ತನಕ ಯಾರಲ್ಲೂ ಟೀ ಮುಟ್ಟುವಂತಿಲ್ಲ.

ಆರ್.ಟಿ. ನಗರದ ವರ್ಕ್‌ಶಾಪಿನ ಮಾಲೀಕರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಅವರು ತಂದಿಟ್ಟ ಟೀ ಘಮಘಮಿಸುತ್ತಲೇ ಆರಿ ಕೆನೆಗಟ್ಟಿತು. ಮೇಲಧಿಕಾರಿ ನಿಯಮ ಹೇಳಿ ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು.

ಗುಣಮಟ್ಟದಲ್ಲಿ ಚಾಚಾನೇ ಮೊದಲು. ಆದರೆ ಅವರಲ್ಲಿದ್ದದ್ದು ಒಂದೇ ಮಷಿನು. ಅದು ಕೆಟ್ಟರೆ ನಮ್ಮ ಕೆಲಸವೂ ನಿಂತಂತೆಯೇ. ಒಟ್ಟು ಮಾರ್ಕ್ಸಿನಲ್ಲಿ ನಾಗಸಂದ್ರದ ಇನ್ನೊಂದು ವರ್ಕ್‌ಶಾಪಿನವರು ಮುಂದಾದರು.

ಸುದ್ದಿ ಹೇಳಲು ನಾವೇ ಹೋದೆವು. ಕೇಳಿಸಿಕೊಂಡ ಚಾಚಾ ಒಳಗೆ ಹೋಗಿ ಹಬೆಯಾಡುವ ಎರಡು ಲೋಟ ತಂದರು.

"ಮಾರ್ಕ್ಸ್ ಹಾಕಿ ಆಯ್ತಲ್ಲ ಸಾರ್, ಈಗ ಕುಡೀರಿ."